ಆ ನಾಯಿಗಳು ಕಲಿಯದೆ ಉಳಿದ ಪಾಠ

ಸರ್ಕಾರಿ ಯೋಜನೆಗಳ ಮೌಲ್ಯಮಾಪನ ವರದಿಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಪದಪುಂಜಗಳಲ್ಲಿ ‘ಕಲಿತ ಅಸಹಾಯಕತೆ’ ಎಂಬುದೂ ಒಂದು. ಸಾಲ ಕೊಟ್ಟರೂ ಉದ್ಯೋಗ ಆರಂಭಿಸದವರು, ಸಭೆ ಕರೆದರೂ ಬಾರದವರು, ಅರ್ಜಿ ಹಾಕಿದರೆ ಸಿಗುವ ಸೌಲಭ್ಯಕ್ಕೂ ಅರ್ಜಿ ಹಾಕದವರು, ಇಂಥವರನ್ನೆಲ್ಲ ಈ ಎರಡು ಪದಗಳಿಂದ ವಿವರಿಸಿಬಿಡುವುದು ಅಧಿಕಾರಿಗಳಿಗೂ ಸಲಹೆಗಾರರಿಗೂ ಅನುಕೂಲಕರ. ಜನ ಅಸಹಾಯಕತೆಯನ್ನು ಎಲ್ಲಿಂದಲೋ ಕಲಿತುಕೊಂಡು ಬಂದಿದ್ದಾರೆ, ಆದ್ದರಿಂದ ಅದನ್ನು ಮರೆಸಬೇಕಾಗಿದೆ ಎಂಬುದು ಅದರ ಒಳದನಿ. ಆಡಳಿತ ಸೇವೆಯ ವರ್ಷಗಳಲ್ಲಿ ಇಂತಹ ಹಲವು ವರದಿಗಳನ್ನು ಓದಿದ್ದೇನೆ. ಆದರೆ ಈ ಪರಿಕಲ್ಪನೆಯನ್ನು ಲೋಕಕ್ಕೆ ಕೊಟ್ಟ ಇಬ್ಬರು ವಿಜ್ಞಾನಿಗಳೇ ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ತಮ್ಮ ಮೂಲ ಸಿದ್ಧಾಂತ ತಲೆಕೆಳಗಾಗಿತ್ತು ಎಂದು ಬರೆದರೆಂಬ ಸಂಗತಿ ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ.

ಕಥೆ ಆರಂಭವಾಗುವುದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, 1960ರ ದಶಕದ ಮಧ್ಯಭಾಗದಲ್ಲಿ. ರಿಚರ್ಡ್ ಸಾಲೊಮನ್ ಅವರ ಪ್ರಯೋಗಾಲಯದಲ್ಲಿ ನಾಯಿಗಳಿಗೆ ಒಂದು ಧ್ವನಿಯನ್ನು ಕೇಳಿಸಿ, ಅದರ ಜೊತೆಗೆ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಕೊಡುತ್ತಿದ್ದರು. ನಂತರ ಅವುಗಳನ್ನು ‘ಷಟಲ್ ಬಾಕ್ಸ್’ ಎಂಬ ಪೆಟ್ಟಿಗೆಯಲ್ಲಿ ಬಿಡುತ್ತಿದ್ದರು. ಅದು ನಡುವೆ ಗಿಡ್ಡ ತಡೆಯುಳ್ಳ ಎರಡು ಕೋಣೆಗಳ ಪೆಟ್ಟಿಗೆ. ಒಂದು ಕಡೆ ನೆಲದಲ್ಲಿ ವಿದ್ಯುತ್ ಹರಿದರೆ ತಡೆ ಹಾರಿ ಮತ್ತೊಂದು ಕಡೆಗೆ ಹೋದರಾಯಿತು. ಸಾಮಾನ್ಯ ನಾಯಿ ಇದನ್ನು ಕೆಲವೇ ಪ್ರಯತ್ನಗಳಲ್ಲಿ ಕಲಿಯುತ್ತದೆ. ಆದರೆ ಆಘಾತ ಉಂಡು ಬಂದ ನಾಯಿಗಳು ಹಾರಲಿಲ್ಲ. ಸ್ವಲ್ಪ ಹೊತ್ತು ಓಡಾಡಿ, ಬಳಿಕ ಮಲಗಿ ಕುಂಯ್‌ಗುಡುತ್ತ ನೋವನ್ನು ಸಹಿಸಿದವು. ಪ್ರಯೋಗದ ಉದ್ದೇಶವೇ ಬೇರೆಯಾಗಿದ್ದುದರಿಂದ ಇದು ಕೆಲಸ ಕೆಡಿಸುವ ಅಡಚಣೆಯಾಗಿ ಮಾತ್ರ ಕಂಡಿತ್ತು. ಅಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿದ್ದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಅವರಿಗೆ ಆ ಅಡಚಣೆಯೇ ಅಧ್ಯಯನದ ವಸ್ತುವಾಗಿ ತೋರಿತು.

1967ರಲ್ಲಿ ಅವರು ಪ್ರಕಟಿಸಿದ ಪ್ರಯೋಗದ ರಚನೆ ಇಂದಿಗೂ ಮೆಚ್ಚತಕ್ಕದ್ದು. ತಲಾ ಎಂಟು ನಾಯಿಗಳ ಮೂರು ಗುಂಪುಗಳು. ಮೊದಲ ಗುಂಪಿನ ನಾಯಿಗಳನ್ನು ಕಾಲು ಇಳಿಬಿಡಲು ತೂತುಗಳಿರುವ ಬಟ್ಟೆಯ ತೊಟ್ಟಿಲಿನಲ್ಲಿ ಕಟ್ಟಿ 64 ಆಘಾತಗಳನ್ನು ಕೊಟ್ಟರು. ತಲೆಯ ಅಕ್ಕಪಕ್ಕದ ಫಲಕವನ್ನು ಮೂತಿಯಿಂದ ಒತ್ತಿದರೆ ಆಘಾತ ನಿಲ್ಲುತ್ತಿತ್ತು. ಎರಡನೆಯ ಗುಂಪಿಗೂ ಅದೇ ತೊಟ್ಟಿಲು, ಅಷ್ಟೇ ಆಘಾತಗಳು. ಪ್ರತಿಯೊಂದು ಆಘಾತದ ಅವಧಿಯೂ ಮೊದಲ ಗುಂಪು ಸರಾಸರಿ ಅನುಭವಿಸಿದಷ್ಟೇ. ಆದರೆ ಇವು ಫಲಕವನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಇಂಗ್ಲಿಷ್ ಪರಿಭಾಷೆಯಲ್ಲಿ ಇವುಗಳನ್ನು ‘ನೊಗಕ್ಕೆ ಕಟ್ಟಿದ’ ಗುಂಪು ಎನ್ನುತ್ತಾರೆ. ಒಂದರ ನೋವಿನ ಅಳತೆ ಮತ್ತೊಂದರದ್ದಕ್ಕೆ ಕಟ್ಟಿಹಾಕಲ್ಪಟ್ಟಿದೆ ಎಂಬ ಅರ್ಥದಲ್ಲಿ ಮಾತು ಸರಿಯಾಗಿದೆ. ಮೂರನೆಯ ಗುಂಪಿಗೆ ಈ ಹಂತದಲ್ಲಿ ಆಘಾತವೇ ಇಲ್ಲ. ಮರುದಿನ ಎಲ್ಲ ನಾಯಿಗಳಿಗೂ ಷಟಲ್ ಬಾಕ್ಸಿನಲ್ಲಿ ಪರೀಕ್ಷೆ. ನೊಗದ ಗುಂಪಿನ ಎಂಟರಲ್ಲಿ ಆರು ನಾಯಿಗಳು ತಪ್ಪಿಸಿಕೊಳ್ಳಲು ವಿಫಲವಾದವು. ಫಲಕದ ಮೇಲೆ ಹತೋಟಿಯಿದ್ದ ಗುಂಪಿನಲ್ಲಿ ಒಂದೂ ಇಲ್ಲ.

ಎರಡೂ ಗುಂಪುಗಳ ನೋವು ಸಮ. ಭಿನ್ನವಾದದ್ದು ಹತೋಟಿ ಮಾತ್ರ. ಆದ್ದರಿಂದ ನಾಯಿಗಳನ್ನು ಕೆಡಿಸಿದ್ದು ನೋವಲ್ಲ, ತಾನು ಏನು ಮಾಡಿದರೂ ಮಾಡದಿದ್ದರೂ ಒಂದೇ ಎಂಬ ಅರಿವು ಎಂದು ಇಬ್ಬರೂ ವಾದಿಸಿದರು. ಆ ಕಾಲದ ವರ್ತನಾವಾದಿಗಳಿಗೆ ಇದು ಹಿಡಿಸಲಿಲ್ಲ. ನಾಯಿಯೊಂದು ಇಂತಹ ಅಮೂರ್ತ ಸಂಗತಿಯನ್ನು ಗ್ರಹಿಸುವುದೆಂದರೇನು? ಅವು ಸುಮ್ಮನೆ ನಿಶ್ಚಲವಾಗಿರುವ ಅಭ್ಯಾಸವನ್ನು ರೂಢಿಸಿಕೊಂಡಿವೆ, ಆ ಅಭ್ಯಾಸ ಹಾರುವುದಕ್ಕೆ ಅಡ್ಡಿಯಾಗಿದೆ, ಅಷ್ಟೆ ಎಂಬುದು ಅವರ ಪ್ರತಿವಾದ. ಮೇಯರ್ 1970ರಲ್ಲಿ ಅದಕ್ಕೆ ಕೊಟ್ಟ ಉತ್ತರ ನನ್ನ ಮಟ್ಟಿಗೆ ಈ ಇಡೀ ಸಂಶೋಧನಾ ಪರಂಪರೆಯ ಅತ್ಯಂತ ಚೆಲುವಾದ ಭಾಗ. ಅವರು ಕೆಲವು ನಾಯಿಗಳಿಗೆ ಅಲುಗಾಡದೆ ನಿಂತರೆ ಮಾತ್ರ ಆಘಾತ ನಿಲ್ಲುವಂತೆ ತರಬೇತಿ ಕೊಟ್ಟರು. ಅಭ್ಯಾಸವೇ ಕಾರಣವಾಗಿದ್ದರೆ ನಿಶ್ಚಲತೆಯಲ್ಲಿ ಪಳಗಿದ ಇವು ಷಟಲ್ ಬಾಕ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸೋಲಬೇಕಿತ್ತು. ಅವು ಹಾರಲು ಕಲಿತವು. ಅಲುಗಾಡದೆ ನಿಲ್ಲುವುದೂ ಹತೋಟಿಯ ಒಂದು ಬಗೆಯೇ ಆಗಿತ್ತು.

ಅಸಹಾಯಕವಾದ ನಾಯಿಗಳನ್ನು ಹೇಗೆ ಗುಣಪಡಿಸಿದರೆಂಬುದನ್ನೂ ಹೇಳಬೇಕು. ನಡುವಿನ ತಡೆಯನ್ನು ತೆಗೆದರು, ಆಚೆ ನಿಂತು ಕರೆದರು, ಮಾಂಸದ ತುಂಡು ಇಟ್ಟರು. ಯಾವುದೂ ಫಲಿಸಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಕಟ್ಟಿ ಅತ್ತಿಂದಿತ್ತ ಎಳೆದರು, ಒಂದೆರಡು ಸಲವಲ್ಲ, ಹತ್ತಾರು ಸಲ. ಮೊದಮೊದಲು ಭಾರವಾಗಿ ಎಳೆಸಿಕೊಂಡ ನಾಯಿ ಕ್ರಮೇಣ ಹಗುರವಾಗಿ, ಆಮೇಲೆ ತಾನಾಗಿಯೇ ದಾಟತೊಡಗಿತು. ಇನ್ನೊಂದು ಪ್ರಯೋಗದಲ್ಲಿ ಮೊದಲೇ ಹತೋಟಿಯ ಅನುಭವ ಪಡೆದಿದ್ದ ನಾಯಿಗಳಿಗೆ ನಂತರ ತಪ್ಪಿಸಿಕೊಳ್ಳಲಾಗದ ಆಘಾತ ಕೊಟ್ಟರೂ ಅವು ಅಸಹಾಯಕವಾಗಲಿಲ್ಲ. ಒಂದು ಬಗೆಯ ಲಸಿಕೆಯಂತೆ ಅದು ಕೆಲಸ ಮಾಡಿತ್ತು.

ಆದರೆ ಎಲ್ಲ ನಾಯಿಗಳೂ ಸೋಲಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಮೂರನೆಯ ಒಂದು ಭಾಗ ಎಲ್ಲವನ್ನೂ ಅನುಭವಿಸಿಯೂ ತಪ್ಪಿಸಿಕೊಂಡವು. ಮನುಷ್ಯರಲ್ಲಂತೂ ಒಂದೇ ಸೋಲಿಗೆ ಇಬ್ಬರ ಪ್ರತಿಕ್ರಿಯೆ ಒಂದೇ ಆಗಿರುವುದಿಲ್ಲ. ಇದನ್ನು ಸರಿದೂಗಿಸಲು 1978ರಲ್ಲಿ ಲಿನ್ ಅಬ್ರಾಮ್ಸನ್, ಸೆಲಿಗ್ಮನ್ ಮತ್ತು ಜಾನ್ ಟೀಸ್‌ಡೇಲ್ ಸಿದ್ಧಾಂತವನ್ನು ತಿದ್ದಿದರು. ಸೋಲಿಗೆ ವ್ಯಕ್ತಿ ತನ್ನೊಳಗೇ ಕಾರಣ ಹುಡುಕುತ್ತಾನೆಯೇ, ಅದು ಶಾಶ್ವತವೆಂದೂ ಬದುಕನ್ನೆಲ್ಲ ಆವರಿಸುವುದೆಂದೂ ಭಾವಿಸುತ್ತಾನೆಯೇ ಎಂಬುದರ ಮೇಲೆ ಅಸಹಾಯಕತೆಯ ಆಳವೂ ವ್ಯಾಪ್ತಿಯೂ ನಿರ್ಧಾರವಾಗುತ್ತವೆ ಎಂಬುದು ಅದರ ಸಾರ. ಖಿನ್ನತೆಯ ಅಧ್ಯಯನಕ್ಕೆ ಇದು ಬಹಳ ಉಪಯೋಗವಾಯಿತು. ಆದರೂ ಅಸಹಾಯಕತೆ ಕಲಿಕೆಯ ಫಲ ಎಂಬ ಮೂಲ ನಂಬಿಕೆ ಅಲುಗಲಿಲ್ಲ.

ಅಲುಗಿಸಿದ್ದು ಮಿದುಳಿನ ಅಧ್ಯಯನ. ಕೊಲರಾಡೊ ವಿಶ್ವವಿದ್ಯಾಲಯ ಸೇರಿದ ಮೇಯರ್ ನಾಯಿಗಳನ್ನು ಬಿಟ್ಟು ಇಲಿಗಳತ್ತ ತಿರುಗಿದರು. ಇಲಿಯ ಬಾಲಕ್ಕೆ ಆಘಾತ, ಮುಂದಿರುವ ಚಕ್ರವನ್ನು ಕಾಲಿನಿಂದ ತಿರುಗಿಸಿದರೆ ಬಿಡುಗಡೆ. ಪಕ್ಕದ ಇಲಿಗೆ ಅಷ್ಟೇ ಆಘಾತ, ಆದರೆ ಚಕ್ರ ನಿಷ್ಪ್ರಯೋಜಕ. ಮಿದುಳಿನ ಕಾಂಡದಲ್ಲಿ ‘ಡಾರ್ಸಲ್ ರಾಫೆ’ ಎಂಬ ಪುಟ್ಟ ನರಕೇಂದ್ರವಿದ್ದು, ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮಿದುಳಿನ ಇತರ ಭಾಗಗಳಿಗೆ ರವಾನಿಸುತ್ತದೆ. ಆಘಾತ ಶುರುವಾದಾಗ ಎರಡೂ ಇಲಿಗಳಲ್ಲಿ ಈ ಕೇಂದ್ರ ಕೆರಳುತ್ತದೆ. ಹತೋಟಿಯಿಲ್ಲದ ಇಲಿಯಲ್ಲಿ ಅದು ಕೆರಳಿಯೇ ಇರುತ್ತದೆ, ಮರುದಿನದ ಜಡತೆಗೆ ಇದೇ ಮೂಲ. ಚಕ್ರ ತಿರುಗಿಸಲು ಕಲಿತ ಇಲಿಯಲ್ಲಿ ಅದು ಬೇಗನೆ ತಣ್ಣಗಾಗುತ್ತದೆ.

ತಣ್ಣಗಾಗಿಸುವುದು ಯಾವುದು ಎಂಬ ಪ್ರಶ್ನೆಗೆ ಮೇಯರ್ ಮತ್ತು ಸಂಗಡಿಗರು 2005ರಲ್ಲಿ ಉತ್ತರ ಕಂಡುಕೊಂಡರು. ಮಿದುಳಿನ ಮುಂಭಾಗದ ಪ್ರೀಫ್ರಂಟಲ್ ಕಾರ್ಟೆಕ್ಸಿನ ಒಂದು ವಲಯವನ್ನು ಔಷಧದಿಂದ ತಾತ್ಕಾಲಿಕವಾಗಿ ಸ್ತಬ್ಧಗೊಳಿಸಿ, ಹತೋಟಿಯುಳ್ಳ ಇಲಿಗೆ ಆಘಾತ ಕೊಟ್ಟರು. ಇಲಿ ಎಂದಿನಂತೆ ಚಕ್ರ ತಿರುಗಿಸಿತು, ಪ್ರತಿಸಲವೂ ಆಘಾತವನ್ನು ನಿಲ್ಲಿಸಿಕೊಂಡಿತು. ಆದರೂ ಮರುದಿನ ಅದು ಹತೋಟಿಯೇ ಇಲ್ಲದಿದ್ದ ಇಲಿಯಂತೆ ಸೋತು ಕುಳಿತಿತು. ಬಿಡುಗಡೆ ಸಿಕ್ಕಿತ್ತು, ಅದು ತನ್ನಿಂದಾಯಿತೆಂಬ ಲೆಕ್ಕ ಮಾತ್ರ ಮಿದುಳಿನಲ್ಲಿ ಜಮೆಯಾಗಲಿಲ್ಲ. ಕೆಲ ವರ್ಷಗಳ ನಂತರ ಇದರ ವಿಲೋಮವನ್ನೂ ಮಾಡಿ ನೋಡಿದರು. ಯಾವ ಹತೋಟಿಯೂ ಇಲ್ಲದ ಇಲಿಯಲ್ಲಿ ಆಘಾತದ ಹೊತ್ತಿಗೆ ಅದೇ ವಲಯವನ್ನು ಔಷಧದಿಂದ ಪ್ರಚೋದಿಸಿದಾಗ, ಅದು ಮರುದಿನ ಅಸಹಾಯಕವಾಗಲಿಲ್ಲ.

ಇಲ್ಲಿಗೆ ಹಳೆಯ ಚಿತ್ರ ಬುಡಮೇಲಾಯಿತು. ದೀರ್ಘಕಾಲದ ನೋವಿಗೆ ಜಡವಾಗುವುದು ಸಸ್ತನಿಗಳ ಮಿದುಳಿನ ಸಹಜ ಪ್ರತಿಕ್ರಿಯೆ. ಅದನ್ನು ಯಾರೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು ಹತೋಟಿಯನ್ನು. ಮುಮ್ಮೆದುಳು ಹತೋಟಿಯನ್ನು ಗುರುತಿಸಿದಾಗ ಆ ಸಹಜ ಜಡತೆಗೆ ಕಡಿವಾಣ ಬೀಳುತ್ತದೆ, ಮತ್ತು ಆ ಕಲಿಕೆ ಮುಂದಿನ ಸಂಕಟಗಳಲ್ಲೂ ನೆರವಿಗೆ ಬರುತ್ತದೆ. ಹಳೆಯ ನಾಯಿಗಳ ‘ಲಸಿಕೆ’ಗೆ ಸಿಕ್ಕ ವಿವರಣೆಯೂ ಇದೇ. ಆಘಾತ ಕಾಣದ ಮೂರನೆಯ ಗುಂಪು ಸಲೀಸಾಗಿ ಹಾರಿದ್ದೇಕೆ ಎಂದು ಓದುಗರು ಕೇಳಬಹುದು. ಜಡತೆ ಆವರಿಸಲು ನೋವು ದೀರ್ಘವಾಗಿರಬೇಕು. ಷಟಲ್ ಬಾಕ್ಸಿನಲ್ಲಿ ಅವು ಅದಕ್ಕೆ ಅವಕಾಶವಾಗುವ ಮುನ್ನವೇ ದಾರಿ ಕಂಡುಕೊಂಡಿದ್ದವು. ಸೆಲಿಗ್ಮನ್ ಮತ್ತು ಮೇಯರ್ 2016ರ ಜಂಟಿ ಲೇಖನದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ತಮಗೆ ಹೆಸರು ತಂದ ಸಿದ್ಧಾಂತವನ್ನು ತಾವೇ ಮಗುಚಿಹಾಕುವ ವಿದ್ವಾಂಸರು, ನಾನು ಓದಿದ ಅರ್ಥಶಾಸ್ತ್ರದಲ್ಲಂತೂ, ವಿರಳ.

ಪದ ಮಾತ್ರ ಹಳೆಯ ಅರ್ಥದಲ್ಲೇ ಓಡಾಡುತ್ತಿದೆ. ಅದರ ಅತ್ಯಂತ ಕರಾಳ ಬಳಕೆ ಅಮೆರಿಕದಲ್ಲೇ ನಡೆಯಿತು. ಸಿಐಎ ಬಂಧಿತರ ಕ್ರೂರ ವಿಚಾರಣಾ ಕ್ರಮವನ್ನು ರೂಪಿಸಿದ ಇಬ್ಬರು ಮನೋವಿಜ್ಞಾನಿಗಳು ಈ ಸಿದ್ಧಾಂತವನ್ನು ಆಧರಿಸಿದ್ದರೆಂದು ಸೆನೆಟ್ ಸಮಿತಿಯ ವರದಿ 2014ರ ಡಿಸೆಂಬರ್‌ನಲ್ಲಿ ಬಯಲಿಗೆ ತಂದಿತು. ಸೆಲಿಗ್ಮನ್ ತಮಗೂ ಅದಕ್ಕೂ ಸಂಬಂಧವಿಲ್ಲವೆಂದು ಹೇಳುತ್ತ ಬಂದಿದ್ದಾರೆ.

ನಮ್ಮ ವರದಿಗಳ ಬಳಕೆ ಅಷ್ಟು ಕ್ರೂರವಲ್ಲ, ಆದರೆ ಲೆಕ್ಕ ತಪ್ಪಿಸುತ್ತದೆ. ಅಸಹಾಯಕತೆ ಕಲಿತದ್ದಾದರೆ ದೋಷ ಕಲಿತವನಲ್ಲಿದೆ, ಭಾಷಣ, ತರಬೇತಿ, ಪ್ರೇರಣಾ ಶಿಬಿರಗಳಿಂದ ಅದನ್ನು ತೊಡೆಯಬಹುದು. ಹತೋಟಿಯೇ ಕಲಿಯಬೇಕಾದದ್ದಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಈತ ಕೊಟ್ಟ ಅರ್ಜಿಗೂ ಬಂದ ಫಲಕ್ಕೂ ನಡುವೆ ಆತನಿಗೆ ಕಾಣುವಂತಹ ಸಂಬಂಧ ಎಂದಾದರೂ ಇತ್ತೇ? ಕಾಲಮಿತಿಯಿಲ್ಲದ ಕಡತ, ಕಾರಣ ಹೇಳದ ತಿರಸ್ಕಾರ, ಮಧ್ಯವರ್ತಿಯ ಮೂಲಕವೇ ಕೈಸೇರುವ ಸವಲತ್ತು, ಇವೆಲ್ಲ ಆ ನಿಷ್ಪ್ರಯೋಜಕ ಚಕ್ರದ ಬೇರೆ ಬೇರೆ ಆಕಾರಗಳು. ಸವಲತ್ತು ಕೈಸೇರಿದರೂ ಅದು ತನ್ನ ಯತ್ನದಿಂದ ಬಂತೆಂದು ತಿಳಿಯುವ ದಾರಿ ಇಲ್ಲದಿದ್ದರೆ, 2005ರ ಆ ಇಲಿಯ ಸ್ಥಿತಿ ನೆನಪಾಗುತ್ತದೆ.

ಇದು ನನ್ನ ಹೋಲಿಕೆಯೇ ಹೊರತು ಪ್ರಯೋಗದ ತೀರ್ಮಾನವಲ್ಲ. ಈ ನರಮಂಡಲದ ಸಾಕ್ಷ್ಯ ಬಹುಮಟ್ಟಿಗೆ ಇಲಿಗಳಿಂದ ಬಂದದ್ದು. ಅದರಲ್ಲೂ ಗಂಡು ಇಲಿಗಳಿಂದ. 2018ರಲ್ಲಿ ಮೈಕೆಲ್ ಬರಾಟ್ಟಾ, ಮೇಯರ್ ಮತ್ತಿತರರು ಹೆಣ್ಣು ಇಲಿಗಳ ಮೇಲೆ ಇದೇ ಪ್ರಯೋಗ ಮಾಡಿದಾಗ, ಅವು ಚಕ್ರ ತಿರುಗಿಸಲು ಗಂಡು ಇಲಿಗಳಂತೆಯೇ ಕಲಿತವು. ಆದರೆ ಆ ಹತೋಟಿ ಅವುಗಳಿಗೆ ಯಾವ ರಕ್ಷಣೆಯನ್ನೂ ಕೊಡಲಿಲ್ಲ.