ಶೂನ್ಯದಿಂದ ಎಷ್ಟು ಕ್ಲಿಕ್?

ಕಾಫಿ ಪುಡಿ ಅಂಗಡಿಯಲ್ಲಿ ನಿಂತು ‘ಫಿಲ್ಟರ್‌ಗೆ’ ಎಂದರೆ ಸಾಕು, ಬೀಜ ಎಷ್ಟು ನುಣ್ಣಗಾಗಬೇಕೆಂದು ಅಂಗಡಿಯವರೇ ನೋಡಿಕೊಳ್ಳುತ್ತಾರೆ. ಹುರಿದ ಬೀಜ ತಂದು ಮನೆಯಲ್ಲೇ ಕೈಯಿಂದ ಪುಡಿ ಮಾಡಲು ಹೊರಟವರಿಗೆ ಆ ತೀರ್ಮಾನ ತಮ್ಮ ಪಾಲಿಗೆ ಬರುತ್ತದೆ. ಒಂದೇ ಮನೆಯಲ್ಲಿ ಬೆಳಿಗ್ಗೆ ಹಿತ್ತಾಳೆ ಫಿಲ್ಟರ್, ಮಧ್ಯಾಹ್ನ ಕಾಗದದ ಸೋಸುಕದ ವಿ60 ಎಂದಾದರೆ ಎರಡಕ್ಕೂ ಬೇರೆ ಬೇರೆ ಪುಡಿ ಬೇಕು. ನಿನ್ನೆ ಚೆನ್ನಾಗಿ ಬಂದ ಕಾಫಿ ಇವತ್ತೂ ಹಾಗೇ ಬರಬೇಕಾದರೆ ಗ್ರೈಂಡರ್ ನಿನ್ನೆ ಎಲ್ಲಿತ್ತೋ ಅಲ್ಲಿಗೇ ಮರಳಬೇಕು. ಅದಕ್ಕೆ ಇರುವ ಗುರುತು ಕ್ಲಿಕ್ ಎಣಿಕೆ.

ಕೈ ಗ್ರೈಂಡರಿನ ಒಳಗೆ ಹಲ್ಲುಳ್ಳ ಒಂದು ಶಂಕು ಇರುತ್ತದೆ, ಅದರ ಸುತ್ತ ಹಲ್ಲುಳ್ಳ ಒಂದು ಬಳೆ. ಇವುಗಳಿಗೆ ಬರ್ ಎನ್ನುತ್ತಾರೆ. ಹಿಡಿ ತಿರುಗಿಸಿದಾಗ ಶಂಕು ತಿರುಗುತ್ತದೆ, ಬೀಜ ಇವೆರಡರ ನಡುವೆ ಸಿಕ್ಕಿ ಒಡೆಯುತ್ತದೆ. ಹೊಂದಿಸುವ ತಿರುಪನ್ನು ಬಿಗಿ ಮಾಡಿದರೆ ಸಂದು ಕಿರಿದಾಗಿ ಪುಡಿ ನುಣ್ಣಗಾಗುತ್ತದೆ, ಸಡಿಲಿಸಿದರೆ ತರಿಯಾಗುತ್ತದೆ. ತಿರುಪು ಒಂದೊಂದು ಮೆಟ್ಟಿಲು ದಾಟಿದಾಗ ಬೆರಳಿಗೂ ಕಿವಿಗೂ ತಿಳಿಯುವ ಸಣ್ಣ ಸದ್ದೇ ಕ್ಲಿಕ್.

ಕೊಳ್ಳುವಾಗ ಕ್ಲಿಕ್ ಎಷ್ಟಿವೆ ಎಂದು ನೋಡುವುದಕ್ಕಿಂತ ಮೊದಲು ನೋಡಬೇಕಾದದ್ದು ಶಂಕು ಅಲುಗಾಡುತ್ತದೆಯೇ ಎಂದು. ಕೆಳಗಿನ ಡಬ್ಬಿ ಕಳಚಿ, ತಿರುಪನ್ನು ಸಾಕಷ್ಟು ಸಡಿಲಿಸಿ, ಶಂಕುವನ್ನು ಬೆರಳಿನಿಂದ ಪಕ್ಕಕ್ಕೆ ಮೆಲ್ಲಗೆ ಒತ್ತಿ. ನಡುವಿನ ಕಂಬಿಯನ್ನು ಮೇಲೂ ಕೆಳಗೂ ಎರಡು ಬೇರಿಂಗ್ ಹಿಡಿದಿದ್ದರೆ ಅದು ಕದಲುವುದಿಲ್ಲ. ಅಗ್ಗದ ಸೆರಾಮಿಕ್ ಗ್ರೈಂಡರುಗಳಲ್ಲಿ ಹಲವು ಇಲ್ಲೇ ಸೋಲುತ್ತವೆ. ಶಂಕು ಓಲಾಡಿದರೆ ಸಂದು ಒಂದು ಬದಿಗೆ ಅಗಲ, ಇನ್ನೊಂದು ಬದಿಗೆ ಕಿರಿದು. ಬೀಜದ ಒಂದು ಪಾಲು ಕಲ್ಲಿನಷ್ಟು ದಪ್ಪ ಉಳಿದು, ಇನ್ನೊಂದು ಪಾಲು ಹಿಟ್ಟಾಗುತ್ತದೆ. ಒಂದೇ ಲೋಟದಲ್ಲಿ ಹುಳಿಯೂ ಕಹಿಯೂ ಒಟ್ಟಿಗೆ ಬರುವುದು ಹೀಗೆ. ಅಂಥ ಯಂತ್ರದಲ್ಲಿ ಕ್ಲಿಕ್ ಎಣಿಸಿ ಬರೆದಿಟ್ಟು ಪ್ರಯೋಜನವಿಲ್ಲ, ಏಕೆಂದರೆ ಬರೆದ ಅಂಕಿ ಹೇಳುವ ಸಂದು ಅಲ್ಲಿ ಇಲ್ಲವೇ ಇಲ್ಲ.

ಅಲುಗಾಟ ಇಲ್ಲವೆಂದಾದ ಮೇಲೆ ಕ್ಲಿಕ್‌ನ ಗಾತ್ರ ನೋಡಬಹುದು. ಕೊಮಾಂಡಾಂಟೆ ಸಿ40ರಲ್ಲಿ ಒಂದು ಕ್ಲಿಕ್ಕಿಗೆ ಶಂಕು ಸುಮಾರು 30 ಮೈಕ್ರಾನ್ ಏರಿಳಿಯುತ್ತದೆ, ಕಿನ್‌ಗ್ರೈಂಡರ್ ಕೆ6ರಲ್ಲಿ 16 ಮೈಕ್ರಾನ್. ಎಸ್ಪ್ರೆಸೊ ಮಾಡುವವರಿಗೆ ಸಣ್ಣ ಮೆಟ್ಟಿಲು ನಿಜವಾಗಿಯೂ ಬೇಕು, ಅಲ್ಲಿ ಒಂದು ಕ್ಲಿಕ್ಕಿಗೇ ಕಾಫಿ ಇಳಿಯುವ ವೇಗ ಬದಲಾಗಿಬಿಡುತ್ತದೆ. ನಮ್ಮ ಫಿಲ್ಟರ್, ವಿ60, ಫ್ರೆಂಚ್ ಪ್ರೆಸ್‌ಗಳಿಗೆ ದೊಡ್ಡ ಮೆಟ್ಟಿಲೂ ನಡೆಯುತ್ತದೆ. ಅದಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವಿ60ಗೆ ಸಿ40ರಲ್ಲಿ 20ರಿಂದ 30 ಕ್ಲಿಕ್ ಸಾಮಾನ್ಯ, ಕೆ6ರಲ್ಲಿ ಅದು 90ರ ಆಸುಪಾಸು. ಮೈಕ್ರಾನಿನಿಂದ ಗುಣಿಸಿ ಒಂದರ ಅಂಕಿಯನ್ನು ಇನ್ನೊಂದಕ್ಕೆ ತರಲು ಹೋದರೆ ಲೆಕ್ಕ ಕೂಡುವುದಿಲ್ಲ. ಮೈಕ್ರಾನ್ ಹೇಳುವುದು ಶಂಕು ಮೇಲೆ ಕೆಳಗೆ ಸರಿದ ದೂರವನ್ನು. ಅದರಿಂದ ಸಂದು ಎಷ್ಟು ತೆರೆಯಿತು ಎಂಬುದು ಶಂಕುವಿನ ಓರೆ ಮತ್ತು ಹಲ್ಲಿನ ಆಕಾರಕ್ಕೆ ಬಿಟ್ಟದ್ದು. ಹಾಗಾಗಿ ಸ್ನೇಹಿತರು ಹೇಳಿದ ಅಂಕಿ ಅವರದೇ ಮಾದರಿಯ ಗ್ರೈಂಡರಿಗೆ ಮಾತ್ರ ಸಲ್ಲುತ್ತದೆ. ಮಾದರಿ ಒಂದೇ ಆದರೂ ಇಬ್ಬರ ಶೂನ್ಯ ಒಂದೇ ಇರಬೇಕು.

ಎಣಿಕೆಯಲ್ಲಿ ಹೆಚ್ಚು ಜನ ಎಡವುವುದು ಈ ಶೂನ್ಯದಲ್ಲಿ. ತಿರುಪನ್ನು ಬಿಗಿ ಮಾಡುತ್ತ ಹೋದಂತೆ ಮೊದಲು ಹಲ್ಲಿಗೆ ಹಲ್ಲು ಸವರುವ ಸದ್ದು ಬರುತ್ತದೆ. ಇನ್ನೂ ಒಂದೆರಡು ಕ್ಲಿಕ್ ಬಿಗಿ ಮಾಡಿದರೆ ಹಿಡಿ ಸರಾಗವಾಗಿ ತಿರುಗುವುದು ನಿಲ್ಲುತ್ತದೆ. ಎರಡರಲ್ಲಿ ಯಾವುದನ್ನು ಬೇಕಾದರೂ ಶೂನ್ಯವೆನ್ನಬಹುದು, ಆದರೆ ಸದ್ದು ಕಿವಿಯಿಂದ ಕಿವಿಗೆ ಬೇರೆ, ಆದ್ದರಿಂದ ಎರಡನೆಯದೇ ಒಳ್ಳೆಯದು. ಗ್ರೈಂಡರನ್ನು ಖಾಲಿ ಮಾಡಿ, ಬರ್‌ಗಳ ನಡುವೆ ಸಿಕ್ಕ ಪುಡಿಯನ್ನು ಬ್ರಷ್‌ನಿಂದ ತೆಗೆಯಿರಿ. ಅದನ್ನು ಅಡ್ಡಲಾಗಿ ಹಿಡಿದು ಹಿಡಿಯನ್ನು ಮೇಲೆತ್ತಿ ಬಿಟ್ಟರೆ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಒಂದೊಂದೇ ಕ್ಲಿಕ್ ಬಿಗಿ ಮಾಡುತ್ತ ಇದನ್ನೇ ನೋಡಿ. ಹಿಡಿ ಬೀಳದೆ ನಿಂತ ಮೊದಲ ಕ್ಲಿಕ್ ನಿಮ್ಮ ಶೂನ್ಯ. ಅಲ್ಲಿಂದ ಮುಂದೆ ಬಲ ಹಾಕಿ ಬಿಗಿ ಮಾಡಬೇಡಿ, ಹಲ್ಲಿಗೆ ಪೆಟ್ಟಾಗುತ್ತದೆ. ತಿರುಪಿನ ಮೇಲೂ ಅದರ ಎದುರಿನ ಲೋಹದ ಮೇಲೂ ಉಗುರು ಬಣ್ಣದ ಚುಕ್ಕಿ ಇಟ್ಟರೆ ಪ್ರತಿ ಸಲ ಮೊದಲಿಂದ ಎಣಿಸುವ ಕಷ್ಟ ತಪ್ಪುತ್ತದೆ.

ಒಂದು ಸುತ್ತಿಗೆ 12 ಕ್ಲಿಕ್ ಇರುವ ಗ್ರೈಂಡರ್ ಎಂದುಕೊಳ್ಳೋಣ. ಚಿಕ್ಕಮಗಳೂರಿನ ಅರೇಬಿಕಾ, ಮಧ್ಯಮ ಹುರಿದದ್ದು. ವಿ60ಗೆ 15 ಗ್ರಾಂ ಪುಡಿ, 250 ಮಿಲಿಲೀಟರ್ ನೀರು. ಇವೆರಡನ್ನೂ ತೂಕದ ಯಂತ್ರದಲ್ಲಿ ಅಳೆದು ಬದಲಿಸದೆ ಇಡಬೇಕು, ಇಲ್ಲದಿದ್ದರೆ ವ್ಯತ್ಯಾಸ ಕ್ಲಿಕ್ಕಿನಿಂದ ಬಂತೋ ಅಳತೆಯಿಂದ ಬಂತೋ ತಿಳಿಯದು. 21 ಕ್ಲಿಕ್ಕಿನಲ್ಲಿ ಶುರು ಮಾಡಿದರೆ ನೀರು ಎರಡು ನಿಮಿಷಕ್ಕೇ ಇಳಿದು, ಕಾಫಿ ತೆಳ್ಳಗೆ, ನಾಲಿಗೆಯ ಬದಿ ಚುರುಗುಟ್ಟುವ ಹುಳಿ. ಬೇಕಾದದ್ದು ಪೂರ್ತಿ ಬಿಟ್ಟುಕೊಂಡಿಲ್ಲ ಎಂದರ್ಥ. 18ಕ್ಕೆ ಇಳಿಸಿದಾಗ ಎರಡೂಮುಕ್ಕಾಲು ನಿಮಿಷ, ಸಿಹಿಯೂ ಇದೆ, ಮೈಯೂ ಇದೆ. ಇನ್ನೂ ಚೆನ್ನಾಗಬಹುದೇ ಎಂದು 15ಕ್ಕೆ ಹೋದರೆ ನಾಲ್ಕು ನಿಮಿಷ ದಾಟುತ್ತದೆ, ಬಾಯಿ ಒಣಗಿಸುವ ಕಹಿ ಬರುತ್ತದೆ. ಎರಡೂ ಅಂಚು ಕಂಡ ಮೇಲೆ 18 ಎಂದು ಬರೆಯಬಹುದು. ಬರೆಯುವ ಸಾಲು ಹೀಗಿರಲಿ: ಬೀಜದ ಹೆಸರು, ಹುರಿ, ವಿಧಾನ, ಪುಡಿ, ನೀರು, ‘ಶೂನ್ಯದಿಂದ 1 ಸುತ್ತು 6 ಕ್ಲಿಕ್’, ಇಳಿದ ಸಮಯ, ರುಚಿಯ ಒಂದು ಮಾತು. ಸುತ್ತನ್ನು ಬೇರೆಯಾಗಿ ಬರೆಯುವುದರಿಂದ ಎಣಿಕೆ ತಪ್ಪಿದರೆ ಗೊತ್ತಾಗುತ್ತದೆ: ಒಂದು ಸುತ್ತು ಮುಗಿದಾಗ ಚುಕ್ಕಿಗಳು ಎದುರುಬದುರು ಬರಬೇಕು.

ಹಿತ್ತಾಳೆ ಫಿಲ್ಟರಿಗೆ ಅದೇ ಬೀಜ, 20 ಗ್ರಾಂ ಪುಡಿ, 100 ಮಿಲಿಲೀಟರ್ ಕುದಿ ನೀರು. ಇಲ್ಲಿ ಗಡಿಯಾರ ನಿಧಾನ. 15 ಕ್ಲಿಕ್ಕಿನಲ್ಲಿ ಐದು ನಿಮಿಷಕ್ಕೇ ನೀರೆಲ್ಲ ಇಳಿದರೆ ಡಿಕಾಕ್ಷನ್ ನೀರುನೀರು, ಹಾಲು ಬೆರೆಸಿದರೆ ಹಾಲೇ ಗೆಲ್ಲುತ್ತದೆ. 12ರಲ್ಲಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದೊಳಗೆ ಗಟ್ಟಿಯಾಗಿ ಇಳಿದರೆ ಸರಿಯಾಯಿತು. 9ರಲ್ಲಿ ಗಂಟೆ ಕಳೆದರೂ ಮೇಲಿನ ಡಬ್ಬಿಯಲ್ಲಿ ನೀರು ನಿಂತಿರಬಹುದು, ಇಳಿದದ್ದರಲ್ಲಿ ಕೆಸರಿನಂಥ ಗಸಿ. ಆದರೆ ಗ್ರೈಂಡರನ್ನು ದೂರುವ ಮೊದಲು ಫಿಲ್ಟರಿನ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ, ಹಳೆ ಪುಡಿ ಕಟ್ಟಿಕೊಂಡಿದ್ದರೂ ಇದೇ ಆಗುತ್ತದೆ. ಪುಡಿಯನ್ನು ಒತ್ತುವ ಬಲವೂ ದಿನದಿನಕ್ಕೆ ಬದಲಾಗಬಾರದು. ಚಿಕೋರಿ ಬೆರೆಸುವವರು ಅದನ್ನು ಪುಡಿಯಾಗಿಯೇ ತಂದು ಕೊನೆಗೆ ಬೆರೆಸಿ, ಪ್ರಮಾಣವನ್ನೂ ಬರೆದಿಡಲಿ. ಚಿಕೋರಿಯ ಹೆಚ್ಚಿನ ಭಾಗ ನೀರಿನಲ್ಲಿ ಕರಗಿಹೋಗುವುದರಿಂದ ಪಾಲು ಬದಲಾದರೆ ಇಳಿಯುವ ಸಮಯವೂ ಬದಲಾಗುತ್ತದೆ.

ನುಣುಪಿನ ಕಡೆಗೆ ಹೋಗುವಾಗ ಒಳಗೆ ಬೀಜವಿದ್ದರೆ ಚೂರುಗಳು ಅಡ್ಡ ಬಂದು ತಿರುಪು ತನ್ನ ಜಾಗಕ್ಕೆ ಕೂರುವುದಿಲ್ಲ. ಹಿಡಿಯನ್ನು ತಿರುಗಿಸುತ್ತಲೇ ಬಿಗಿ ಮಾಡಿ, ಅದಕ್ಕಿಂತ ಮೇಲು ಖಾಲಿ ಇರುವಾಗಲೇ ಹೊಂದಿಸಿಕೊಳ್ಳುವುದು. ಬಿಚ್ಚಿ ತೊಳೆದು ಜೋಡಿಸಿದ ದಿನ ಶೂನ್ಯವನ್ನು ಮತ್ತೆ ಹುಡುಕಲೇಬೇಕು. ವಾಷರ್ ಕೂತ ರೀತಿ ಬದಲಾದರೂ ಅಂಕಿಗಳೆಲ್ಲ ಒಟ್ಟಿಗೆ ಜರುಗುತ್ತವೆ.

ಹೊಸ ಬೀಜ ಬಂದಾಗ ಹಳೆಯ ಅಂಕಿ ಶುರು ಮಾಡುವ ಜಾಗ ಅಷ್ಟೇ. ಕಪ್ಪಗೆ ಹುರಿದ ಬೀಜ ಬೇಗ ಪುಡಿಯಾಗುತ್ತದೆ, ರುಚಿಯನ್ನೂ ಬೇಗ ಬಿಟ್ಟುಕೊಡುತ್ತದೆ, ಆದ್ದರಿಂದ ಒಂದೆರಡು ಕ್ಲಿಕ್ ತರಿಯ ಕಡೆಗೆ ಸರಿಯಬೇಕಾಗಬಹುದು. ತೆಳುವಾಗಿ ಹುರಿದದ್ದು ಗಟ್ಟಿ, ಅದಕ್ಕೆ ನುಣುಪು ಬೇಕು. 18ರಲ್ಲಿ ಸ್ವಲ್ಪ ತೆಳು, 17ರಲ್ಲಿ ಸ್ವಲ್ಪ ಕಹಿ ಎಂದು ಎರಡು ಕ್ಲಿಕ್ ನಡುವೆ ಸಿಕ್ಕಿಕೊಂಡರೆ ಕ್ಲಿಕ್ಕನ್ನು 18ರಲ್ಲೇ ಬಿಟ್ಟು ಪುಡಿಯನ್ನು 15ರಿಂದ 16 ಗ್ರಾಂಗೆ ಏರಿಸಿ. ಪುಡಿಯ ಹಾಸು ದಪ್ಪವಾಗಿ ನೀರು ತುಸು ನಿಧಾನವಾಗುತ್ತದೆ, ಕಾಫಿಗೂ ಮೈ ಬರುತ್ತದೆ.