ಉಳಿತಾಯ ಇದೆ, ಹಣ ಎಲ್ಲಿ?

ಗೃಹ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಪ್ರತಿ ಸಲ ಏಳುವ ಪ್ರಶ್ನೆ ಇದು: "ವರದಿಯಲ್ಲಿ ಉಳಿತಾಯ ತೋರಿಸಿದ್ದೀರಿ, ಬ್ಯಾಂಕಿನಲ್ಲಿ ಯಾಕೆ ದುಡ್ಡು ಕಡಿಮೆಯಾಗಿದೆ?" ಕೇಳಿದವರಿಗೆ ಅನುಮಾನ, ಖಜಾಂಚಿಗೆ ಅವಮಾನ. ಪರದೆಯ ಮೇಲೆ ಸರಳ ಚಿತ್ರಗಳಿದ್ದರೆ ಇಬ್ಬರಿಗೂ ಆ ಕಷ್ಟವಿಲ್ಲ.

40 ಮನೆಗಳ ಒಂದು ಸಂಘವನ್ನು ಊಹಿಸಿಕೊಳ್ಳೋಣ. ಮನೆಗೆ ತಿಂಗಳಿಗೆ 3,000 ರೂಪಾಯಿ ನಿರ್ವಹಣಾ ಶುಲ್ಕ, ವರ್ಷಕ್ಕೆ 14.4 ಲಕ್ಷ. ಖರ್ಚು 13.2 ಲಕ್ಷ. ಆದಾಯ-ವೆಚ್ಚದ ಪಟ್ಟಿ 1.2 ಲಕ್ಷ ಉಳಿತಾಯ ತೋರಿಸುತ್ತದೆ, ಏಕೆಂದರೆ ಅದು ಬರಬೇಕಾದ ಹಣವನ್ನೂ ಆದಾಯವೆಂದೇ ಎಣಿಸುತ್ತದೆ. ನಿಜವಾಗಿ ಕೈಗೆ ಬಂದದ್ದು 12.6 ಲಕ್ಷ.

ಆದ್ದರಿಂದ ಮೊದಲ ಸ್ಲೈಡಿನಲ್ಲಿ ಬ್ಯಾಂಕಿನ ಹಣದ ಪಯಣವನ್ನೇ ತೋರಿಸಬೇಕು. ಏಪ್ರಿಲ್ 1ಕ್ಕೆ 5 ಲಕ್ಷ, ಅದರ ಮೇಲೆ ಬಂದ 12.6 ಲಕ್ಷದ ಹಸಿರು ಪಟ್ಟಿ, ಅಲ್ಲಿಂದ ಕೆಳಗಿಳಿಯುವ 13.2 ಲಕ್ಷದ ಕೆಂಪು ಪಟ್ಟಿ, ಮಾರ್ಚ್ 31ಕ್ಕೆ ಉಳಿದ 4.4 ಲಕ್ಷ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಲೆಕ್ಕಪರಿಶೋಧನಾ ವರದಿಯ ಪುಟಸಂಖ್ಯೆ ಇರಲಿ. ಬೇಕಾದವರು ತಾಳೆ ನೋಡಬಹುದು.

ಎರಡನೆಯ ಸ್ಲೈಡ್ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಹೆಚ್ಚಿನ ಸಂಘಗಳು ಬಿಡುವುದೂ ಇದನ್ನೇ. ಆ 4.4 ಲಕ್ಷದಲ್ಲಿ 3.5 ಲಕ್ಷ ಸಿಂಕಿಂಗ್ ಫಂಡ್ ಅಂದುಕೊಳ್ಳಿ. ಅದು ಮುಂದೆ ಕಟ್ಟಡದ ದೊಡ್ಡ ಕೆಲಸಗಳಿಗೆಂದು ತೆಗೆದಿಟ್ಟ ಹಣ, ದಿನದ ಖರ್ಚಿಗಲ್ಲ. ಒಂದೇ ಪಟ್ಟಿಯನ್ನು ಎರಡು ಬಣ್ಣಗಳಲ್ಲಿ ಭಾಗಿಸಿ ತೋರಿಸಿದರೆ ಸಂಘದ ಕೈಯಲ್ಲಿ ಉಳಿಯುವುದು 90 ಸಾವಿರ ಎಂಬುದು ತಕ್ಷಣ ಕಾಣುತ್ತದೆ. ತಿಂಗಳ ಖರ್ಚು 1.1 ಲಕ್ಷ. ಒಂದು ತಿಂಗಳಿಗೂ ಸಾಲದು.

ಖರ್ಚನ್ನು ಮನೆಯ ಲೆಕ್ಕಕ್ಕೆ ಇಳಿಸಬೇಕು. 13.2 ಲಕ್ಷ ಎಂದರೆ ಮನೆಗೆ ತಿಂಗಳಿಗೆ 2,750 ರೂಪಾಯಿ: ಕಾವಲಿಗೆ 1,200, ನೀರು-ವಿದ್ಯುತ್ತಿಗೆ 800, ಲಿಫ್ಟಿಗೆ 350, ಉಳಿದದ್ದಕ್ಕೆ 400. ದೊಡ್ಡದರಿಂದ ಚಿಕ್ಕದಕ್ಕೆ ನಾಲ್ಕು ಅಡ್ಡಪಟ್ಟಿಗಳು ಸಾಕು. ಹನ್ನೆರಡು ಹೋಳುಗಳ ವೃತ್ತಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ ಕೂತ ಹಿರಿಯರಿಗೆ ಏನೂ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ಹೋದ ವರ್ಷದ ಖರ್ಚು 12.5 ಲಕ್ಷ ಇದ್ದರೆ ಏರಿಕೆ ನೂರಕ್ಕೆ ಆರೂ ಇಲ್ಲ. ಆದರೆ ಪಟ್ಟಿಗಳನ್ನು ಸೊನ್ನೆಯ ಬದಲು 12 ಲಕ್ಷದಿಂದ ಶುರುಮಾಡಿದರೆ ಖರ್ಚು ಎರಡು ಪಟ್ಟು ಮೀರಿದಂತೆ ಕಾಣುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ತಾವಾಗಿಯೇ ಹೀಗೆ ಕತ್ತರಿಸಿಬಿಡುತ್ತವೆ.

ಕೊನೆಯ ಸ್ಲೈಡ್ ಬಾಕಿಯದು, ಹೆಸರುಗಳಿಲ್ಲದೆ. 1.8 ಲಕ್ಷ ಬಾಕಿ ಎಂದಷ್ಟೇ ಹೇಳಿದರೆ ಸಭೆಯಲ್ಲಿ ಗದ್ದಲ. ಬಾಕಿಯ ವಯಸ್ಸಿನಂತೆ ಎರಡು ಪಟ್ಟಿ ಮಾಡಿದರೆ ಬೇರೆಯೇ ಕಾಣುತ್ತದೆ: 24 ಮನೆಗಳು ಮಾರ್ಚ್ ತಿಂಗಳ ಶುಲ್ಕವನ್ನಷ್ಟೇ ಉಳಿಸಿಕೊಂಡಿವೆ, 72 ಸಾವಿರ. ಇಂಥದ್ದು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬಂದುಬಿಡುತ್ತದೆ. ಮಿಕ್ಕ 1.08 ಲಕ್ಷ, ವರ್ಷವಿಡೀ ಏನೂ ಕೊಡದ ಮೂರೇ ಮನೆಗಳದ್ದು. ಶುಲ್ಕ ಏರಿಸಬೇಕೆ ಎಂದು ಕೈ ಎತ್ತಿಸುವ ಮೊದಲು, ಆ ಮೂರು ಮನೆಗಳಿಂದ ವಸೂಲಿ ಹೇಗೆ ಎಂಬುದನ್ನು ಸಭೆ ತೀರ್ಮಾನಿಸಬೇಕಾಗುತ್ತದೆ.