ಗೆರೆಯ ಆಚೆ ಬದಿಯ ವಿಸ್ತೀರ್ಣ

ಗ್ರಾಫ್ ಹಾಳೆಯ ಮೇಲೆ ಅಗಲ 1, ಎತ್ತರ 2 ಇರುವ ಒಂದು ಆಯತ ಬರೆಯಿರಿ. ಅದರ ಎಡಗಡೆಯ ಕೆಳಮೂಲೆಯಿಂದ ಹೊರಟು, ಎಲ್ಲೂ ಇಳಿಯದೆ ಏರುತ್ತಲೇ ಹೋಗಿ, ಬಲಗಡೆಯ ಮೇಲ್ಮೂಲೆಯನ್ನು ಮುಟ್ಟುವ ಬಾಗುಗೆರೆಯೊಂದನ್ನು ಎಳೆಯಿರಿ. ಆಯತ ಎರಡು ಪಾಲಾಯಿತು. ಒಂದು ಗೆರೆಯ ಕೆಳಗಿದೆ, ಇನ್ನೊಂದು ಮೇಲಿದೆ. ಇಡೀ ಆಯತದ ವಿಸ್ತೀರ್ಣ 2. ಕೆಳಗಿನ ಪಾಲು ಮುಕ್ಕಾಲು ಎಂದು ತಿಳಿದರೆ ಮೇಲಿನದು ಒಂದೂಕಾಲು ಎನ್ನಲು ಗಣಿತ ಓದಿರಬೇಕಾಗಿಲ್ಲ. ಆದರೆ ಈ ಸರಳ ಕಳೆಯುವಿಕೆ, ಕಾಗದದ ಮೇಲೆ ಬರೆಯಲು ಹೊರಟರೆ ಬಹಳ ತೊಡಕಾಗುವ ಒಂದು ಲೆಕ್ಕವನ್ನು ಎರಡೇ ಸಾಲಿನಲ್ಲಿ ಮುಗಿಸುತ್ತದೆ.

ಆ ಗೆರೆಗೆ ಒಂದು ಸೂತ್ರ ಕೊಡೋಣ: y = x³ + x. ಇಂಥ ನಿಯಮಕ್ಕೆ ಗಣಿತದಲ್ಲಿ ಫಲನ ಎಂದು ಹೆಸರು. ಕಾಲೇಜಿನ ಮಕ್ಕಳು ಫಂಕ್ಷನ್ ಎನ್ನುತ್ತಾರೆ. x ಕೊಟ್ಟರೆ y ಸಿಗುತ್ತದೆ. x ಸೊನ್ನೆಯಾದರೆ y ಸೊನ್ನೆ, x 1 ಆದರೆ y 2. ಈಗ ಪ್ರಶ್ನೆಯನ್ನು ತಿರುಗಿಸಿ ಕೇಳೋಣ. y ಗೊತ್ತಿದೆ, x ಎಷ್ಟು? ಹೀಗೆ ಹಿಂದಕ್ಕೆ ಹೋಗುವ ನಿಯಮವೇ ವಿಲೋಮ ಫಲನ, ಅಂದರೆ ಇನ್ವರ್ಸ್. ಇಲ್ಲಿ ಅದು ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಘನ ಸಮೀಕರಣವನ್ನು ಬಿಡಿಸಬೇಕು. ಇಟಲಿಯ ಕಾರ್ಡಾನೊ 1545ರಲ್ಲಿ ಪ್ರಕಟಿಸಿದ ವಿಧಾನವನ್ನು ಹಿಡಿದರೆ ಉತ್ತರದಲ್ಲಿ ಎರಡು ಘನಮೂಲಗಳು, ಪ್ರತಿಯೊಂದರ ಹೊಟ್ಟೆಯಲ್ಲಿ ಒಂದು ವರ್ಗಮೂಲ ಬರುತ್ತದೆ.

ಇನ್ನು, y 0ಯಿಂದ 2ರವರೆಗೆ ಹೋಗುವಾಗ ಈ ವಿಲೋಮದ ಇಂಟಿಗ್ರಲ್, ಅಂದರೆ ಅದರ ಗ್ರಾಫಿನ ಕೆಳಗಿನ ವಿಸ್ತೀರ್ಣ, ಎಷ್ಟು ಎಂದು ಕೇಳಿದರೆ? ಆ ಘನಮೂಲಗಳನ್ನು ನೇರವಾಗಿ ಇಂಟಿಗ್ರೇಟ್ ಮಾಡಲು ಕೂತವರು ಪುಟಗಟ್ಟಲೆ ಬರೆಯಬೇಕಾಗುತ್ತದೆ.

ಮತ್ತೆ ಚಿತ್ರಕ್ಕೆ ಬನ್ನಿ. ವಿಲೋಮಕ್ಕೆಂದು ಹೊಸ ಗೆರೆ ಎಳೆಯುವ ಅಗತ್ಯವೇ ಇಲ್ಲ. ಅದೇ ಗೆರೆಯನ್ನು ನಿಂತಿರುವ ಅಕ್ಷದ ಕಡೆಯಿಂದ ಓದಿದರೆ ಸಾಕು. ಎಡಗಡೆ y = 1 ಇರುವ ಜಾಗದಲ್ಲಿ ಬೆರಳಿಟ್ಟು, ಗೆರೆ ಸಿಗುವವರೆಗೆ ಬಲಕ್ಕೆ ಸರಿಯಿರಿ. ಬೆರಳು ಸರಿದ ದೂರವೇ ಆ yಗೆ ತಕ್ಕ x. ಹೀಗೆ ಪ್ರತಿ ಎತ್ತರದಲ್ಲೂ ಸಿಗುವ ಅಡ್ಡ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದರೆ ತುಂಬುವುದು ಗೆರೆಯ ಮೇಲಿನ ಪಾಲು. ಅಂದರೆ ನಾವು ಹುಡುಕುತ್ತಿರುವ ಇಂಟಿಗ್ರಲ್ ಅದೇ.

ಕೆಳಗಿನ ಪಾಲನ್ನು ಪಿಯುಸಿ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. x³ನ ಇಂಟಿಗ್ರಲ್ x⁴/4, xನದು x²/2. 0ಯಿಂದ 1ರವರೆಗೆ ಅವುಗಳ ಮೊತ್ತ 1/4 + 1/2 = 3/4. ಆಯತ 1 × 2 = 2. ಕಳೆದರೆ 5/4, ಅಂದರೆ 1.25. ಘನಮೂಲದ ಮುಖ ನೋಡದೆಯೇ ಅದರ ಇಂಟಿಗ್ರಲ್ ಸಿಕ್ಕಿತು.

ನಂಬಿಕೆ ಬಾರದಿದ್ದರೆ ಒಂದು ಒರಟು ಪರೀಕ್ಷೆ ಮಾಡಬಹುದು. y = 1 ಆದಾಗ x ಸುಮಾರು 0.6823, ಕ್ಯಾಲ್ಕುಲೇಟರ್ ಹಿಡಿದು ನಾಲ್ಕೈದು ಸಲ ಊಹಿಸಿ ತಿದ್ದಿದರೆ ಇದು ಸಿಗುತ್ತದೆ. ಎರಡು ತುದಿಗಳಲ್ಲಿ x 0 ಮತ್ತು 1. ಸಿಂಪ್ಸನ್ ನಿಯಮದಂತೆ ನಡುವಿನದಕ್ಕೆ ನಾಲ್ಕು ಪಟ್ಟು ತೂಕ ಕೊಟ್ಟು ಸರಾಸರಿ ತೆಗೆದರೆ 3.7292 ಭಾಗಿಸು 6, ಸುಮಾರು 0.62. ಅದನ್ನು 2ರ ಉದ್ದಕ್ಕೆ ಗುಣಿಸಿದರೆ 1.24. ಮೂರೇ ಬಿಂದುಗಳಿಂದ ಬಂದ ಅಂದಾಜು ನಮ್ಮ 1.25ರ ಪಕ್ಕದಲ್ಲೇ ನಿಂತಿದೆ.

ಸೊನ್ನೆಯಿಂದ ಶುರುವಾಗದಿದ್ದರೆ

ಇದೇ ಗೆರೆಯನ್ನು ಮುಂದುವರಿಸಿ, x 1ರಿಂದ 2ರವರೆಗಿನ ತುಂಡನ್ನು ನೋಡಿ. ಆಗ y 2ರಿಂದ 10ಕ್ಕೆ ಏರುತ್ತದೆ. ಈಗ ದೊಡ್ಡ ಆಯತ 2 × 10 = 20. ಆದರೆ ಮೂಲೆಯಲ್ಲಿರುವ 1 × 2ರ ಚಿಕ್ಕ ಆಯತ ನಮ್ಮ ಲೆಕ್ಕಕ್ಕೆ ಸೇರಿದ್ದಲ್ಲ. ಅದನ್ನು ಕತ್ತರಿಸಿ ತೆಗೆದರೆ ಉಳಿಯುವುದು ಮೂಲೆ ಹೋದ ಆಕಾರ, ವಿಸ್ತೀರ್ಣ 18. ಗೆರೆ ಅದನ್ನೇ ಎರಡು ಪಾಲು ಮಾಡುತ್ತದೆ. ಕೆಳಗಿನ ಪಾಲು 15/4 + 3/2 = 5.25. ಹಾಗಾಗಿ ಎಡಗಡೆಯದು 12.75.

ಇದನ್ನೇ ಸೂತ್ರವಾಗಿ ಬರೆದರೆ ಹೀಗೆ:

```
∫ f(x) dx  +  ∫ f⁻¹(y) dy  =  b·f(b) − a·f(a)
 a ರಿಂದ b      f(a) ರಿಂದ f(b)
```

ಬಲಗಡೆ ಇರುವುದು ದೊಡ್ಡ ಆಯತದಿಂದ ಚಿಕ್ಕ ಆಯತವನ್ನು ಕಳೆದದ್ದು, ಅಷ್ಟೇ. ದ್ವಿತೀಯ ಪಿಯುಸಿಯಲ್ಲಿ ಲಾಗ್‌ನ ಇಂಟಿಗ್ರಲ್ ತೆಗೆಯಲು ಅದನ್ನು 1ರಿಂದ ಗುಣಿಸಿಕೊಂಡು ಮಾಡುವ ಚಮತ್ಕಾರವನ್ನು ಅನೇಕರು ಅರ್ಥವಾಗದೆ ಬಾಯಿಪಾಠ ಮಾಡಿರುತ್ತಾರೆ. ಅದರ ಒಳಗಿರುವುದೂ ಈ ಆಯತವೇ. ln x ಎಂಬುದು e^yಯ ವಿಲೋಮ. x 1ರಿಂದ eವರೆಗೆ ಹೋದಾಗ ಲಾಗ್ 0ಯಿಂದ 1ಕ್ಕೆ ಏರುತ್ತದೆ. ಆಯತ e × 1, ಗೆರೆಯ ಎಡಕ್ಕಿರುವ ಪಾಲು e^yಯ ಇಂಟಿಗ್ರಲ್, ಅಂದರೆ e − 1. ಉಳಿದದ್ದು ಸರಿಯಾಗಿ 1.

ಎಡವುವ ಜಾಗಗಳು

ಹೆಚ್ಚಿನವರು ತಪ್ಪುವುದು ಮಿತಿಗಳಲ್ಲಿ. ವಿಲೋಮದ ಇಂಟಿಗ್ರಲ್ 0ಯಿಂದ 2ರವರೆಗೆ ಎಂದಾಗ, ಅದೇ 0 ಮತ್ತು 2ನ್ನು ಮೂಲ ಫಲನಕ್ಕೂ ಹಾಕಿಬಿಡುತ್ತಾರೆ. ಆಗ ಆಯತ 2 × 10 = 20, ಕೆಳಗಿನ ಪಾಲು 4 + 2 = 6, ಉತ್ತರ 14 ಎಂದು ಬರುತ್ತದೆ. ಲೆಕ್ಕ ಸರಿ, ಆದರೆ ಅದು y 0ಯಿಂದ 10ರವರೆಗಿನ ಉತ್ತರ. ತಪ್ಪನ್ನು ಹಿಡಿಯುವುದು ಕಷ್ಟವಲ್ಲ. y 2ರ ಒಳಗಿರುವಾಗ x ಎಂದೂ 1ನ್ನು ದಾಟುವುದಿಲ್ಲ. ಹಾಗಾಗಿ ವಿಸ್ತೀರ್ಣ 2ನ್ನು ಮೀರುವಂತಿಲ್ಲ. ಆಯತಕ್ಕಿಂತ ದೊಡ್ಡ ಪಾಲು ಬಂದರೆ ಎಲ್ಲೋ ಮಿತಿ ಅದಲುಬದಲಾಗಿದೆ ಎಂದೇ ಅರ್ಥ.

ಎರಡನೆಯದು ಏರಿ ಇಳಿಯುವ ಗೆರೆ. x³ + x ಬದಲು x³ − x ತೆಗೆದುಕೊಂಡರೆ, x 0 ಆದಾಗಲೂ 1 ಆದಾಗಲೂ y ಸೊನ್ನೆಯೇ. ಎಡದಿಂದ ಬೆರಳು ಸರಿಸಿದರೆ ಅದು ಗೆರೆಯನ್ನು ಒಂದಕ್ಕಿಂತ ಹೆಚ್ಚು ಕಡೆ ಮುಟ್ಟುತ್ತದೆ. ಯಾವ x ಆರಿಸುವುದು? ಅಲ್ಲಿ ವಿಲೋಮವೇ ಇಲ್ಲ. ಏರುವ ತುಂಡು, ಇಳಿಯುವ ತುಂಡು ಎಂದು ಬೇರ್ಪಡಿಸಿಕೊಂಡ ಮೇಲಷ್ಟೇ ಮುಂದುವರಿಯಬೇಕು. ಬರೀ ಇಳಿಯುವ ಗೆರೆಗೆ ಸೂತ್ರ ನಿಲ್ಲುತ್ತದೆ, ಚಿತ್ರ ಮಾತ್ರ ಬದಲಾಗುತ್ತದೆ. ಎಡಗಡೆ 1ರ ಎತ್ತರದಿಂದ ಹೊರಟು ಅಡ್ಡ ಅಕ್ಷದ 1ಕ್ಕೆ ಇಳಿಯುವ ಗೆರೆಯಲ್ಲಿ, ಕೆಳಗಿನಿಂದ ಅಳೆದರೂ ಪಕ್ಕದಿಂದ ಅಳೆದರೂ ಸಿಗುವುದು ಒಂದೇ ಪ್ರದೇಶ. ಆದ್ದರಿಂದ ಎರಡು ಇಂಟಿಗ್ರಲ್‌ಗಳೂ ಸಮ.

ಈ ಸಂಬಂಧವನ್ನು ಫ್ರಾನ್ಸಿನ ಶಾರ್ಲ್ ಆಂಜ್ ಲೇಸಾಂ 1905ರಲ್ಲಿ ಅಲ್ಲಿನ ಗಣಿತ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ತರಗತಿಯಲ್ಲಿ ಇದನ್ನು ಸಾಮಾನ್ಯವಾಗಿ ಭಾಗಶಃ ಇಂಟಿಗ್ರೇಷನ್ ವಿಧಾನದಿಂದ ಸಾಧಿಸುತ್ತಾರೆ. ಅದಕ್ಕೆ ಫಲನದ ಡೆರಿವೇಟಿವ್ ಬೇಕು, ಅಂದರೆ ಗೆರೆ ನುಣುಪಾಗಿರಬೇಕು. ನಮ್ಮ ಆಯತಕ್ಕೆ ಆ ಷರತ್ತಿಲ್ಲ. ಗೆರೆಯಲ್ಲಿ ಚೂಪಾದ ತಿರುವುಗಳಿದ್ದರೂ, ಅದು ಕಡಿಯದೆ ಏರುತ್ತಲೇ ಹೋದರೆ ಸಾಕು; ಒಂದು ಬದಿಯನ್ನು ಅಳೆದವರಿಗೆ ಇನ್ನೊಂದು ಬದಿ ತಾನಾಗಿ ಸಿಗುತ್ತದೆ.